ನೋವು ಹೋದ ಮೇಲೂ ಮುಗಿಯದ ಕಿವಿರೋಗ

ಅರವತ್ತು ದಾಟಿದ, ವರ್ಷಗಟ್ಟಲೆ ಸಕ್ಕರೆ ಕಾಯಿಲೆ ಇರುವ ಒಬ್ಬರು ಬಂದು "ಕಿವಿನೋವಿಗೆ ರಾತ್ರಿ ನಿದ್ದೆಯೇ ಇಲ್ಲ" ಎಂದರೆ, ಕಿವಿ-ಮೂಗು-ಗಂಟಲು ವೈದ್ಯರಾದ ನಾವು ಆ ಮಾತನ್ನು ಇನ್ನೊಮ್ಮೆ ಕೇಳಿಸಿಕೊಳ್ಳುತ್ತೇವೆ. ಕಿವಿಯೊಳಗೆ ಗುಳ್ಳೆಯೆದ್ದರೂ ನೋಯುತ್ತದೆ, ಮಳೆಗಾಲದಲ್ಲಿ ಬೂಸ್ಟು ಹತ್ತಿದರೂ ನೋಯುತ್ತದೆ. ಅವೆಲ್ಲ ಎರಡು-ಮೂರು ದಿನದ ಔಷಧಿಗೆ ಬಗ್ಗುತ್ತವೆ. ಆದರೆ ಕಿವಿಗೆ ಬಿಡುವ ಡ್ರಾಪ್ಸಿಗೂ ನೋವಿನ ಮಾತ್ರೆಗೂ ಜಗ್ಗದೆ, ಹಗಲು ಸುಮ್ಮನಿದ್ದು ರಾತ್ರಿ ಎಬ್ಬಿಸಿ ಕೂರಿಸುವ ನೋವು ಬೇರೆಯದೇ ಜಾತಿಯದು. ಅಂಥ ನೋವಿನ ಹಿಂದೆ ಕೆಲವೊಮ್ಮೆ ಒಂದು ಅಪಾಯಕಾರಿ ಸೋಂಕು ಇರುತ್ತದೆ. ಅದು ಕಿವಿಯ ನಾಳದ ಚರ್ಮದಲ್ಲಿ ಶುರುವಾಗಿ ತಲೆಬುರುಡೆಯ ತಳದ ಮೂಳೆಗೆ ಇಳಿಯುತ್ತದೆ. ವೈದ್ಯಕೀಯದಲ್ಲಿ ಇದನ್ನು 'ಮ್ಯಾಲಿಗ್ನಂಟ್ ಓಟೈಟಿಸ್ ಎಕ್ಸ್‌ಟರ್ನಾ' ಎನ್ನುತ್ತಾರೆ. ಹೆಸರು ಕೇಳಿ ಮನೆಯವರು ಕ್ಯಾನ್ಸರ್ ಎಂದುಕೊಂಡು ಕುಸಿಯುತ್ತಾರೆ. ಇದು ಕ್ಯಾನ್ಸರ್ ಅಲ್ಲ, ಬ್ಯಾಕ್ಟೀರಿಯಾದಿಂದ ಬರುವ ಸೋಂಕು. ಸರಿಯಾದ ಔಷಧಿಯನ್ನು ಸಾಕಷ್ಟು ದಿನ ಕೊಟ್ಟರೆ ವಾಸಿಯಾಗುತ್ತದೆ. ಈ 'ಸಾಕಷ್ಟು ದಿನ' ಎಂಬಲ್ಲಿಯೇ ಹೆಚ್ಚಿನವರು ಎಡವುತ್ತಾರೆ.

ಒಬ್ಬ ರೋಗಿಯ ವಿಚಾರವನ್ನೇ ಹಿಡಿದು ಹೇಳುತ್ತೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ, ರೋಗದ ನಡೆಯನ್ನು ಬದಲಿಸಿಲ್ಲ.

ಅವರು ಮಲೆನಾಡಿನ ಅಡಿಕೆ ಬೆಳೆಗಾರರು, ವಯಸ್ಸು 68. ಸಕ್ಕರೆ ಕಾಯಿಲೆ ಬಂದು ಹದಿನೇಳು ವರ್ಷ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 9.8ರಲ್ಲಿತ್ತು. ಏಳಕ್ಕಿಂತ ಕೆಳಗೆ ಇಲ್ಲವೇ ಅದರ ಆಸುಪಾಸಿನಲ್ಲಿ ಇರಬೇಕಾದ್ದು ಅದು. ಎಡಗಿವಿ ಗುಗ್ಗೆ ತುಂಬಿ ಮುಚ್ಚಿಕೊಂಡಿತ್ತೆಂದು ಹತ್ತಿರದ ಪೇಟೆಯಲ್ಲಿ ಪಿಚಕಾರಿಯಿಂದ ನೀರು ಬಿಡಿಸಿ ತೆಗೆಸಿದ್ದರು. ಕಿವಿ ತೆರೆದುಕೊಂಡಿತು, ಒಂದು ವಾರದಲ್ಲಿ ತುರಿಕೆ ಶುರುವಾಯಿತು, ಆಮೇಲೆ ನೋವು. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಡ್ರಾಪ್ಸನ್ನು ಮೂರು ವಾರ ಬಿಟ್ಟುಕೊಂಡರು. ನೋವು ದವಡೆಗೆ ಇಳಿಯಿತು, ಅಗಿಯುವಾಗ ಜೀವ ಹೋದ ಹಾಗಾಗುತ್ತಿತ್ತು. ಹಲ್ಲಿನದಿರಬೇಕೆಂದು ದಂತವೈದ್ಯರಲ್ಲಿ ಹೋಗಿ ಒಂದು ಹಲ್ಲನ್ನೂ ಕೀಳಿಸಿಕೊಂಡರು. ನೋವು ಇದ್ದಲ್ಲೇ ಇತ್ತು.

"ಡಾಕ್ಟ್ರೇ, ಹಗಲು ಹೆಂಗೋ ಕಳೀತದೆ. ರಾತ್ರಿ ಹತ್ತಾದ್ರೆ ಶುರು. ಒಳಗೆ ಎಲ್ಲೋ ಕೊರೆದ ಹಾಗೆ" ಎಂದರು. ಅವರು ಹೇಳದೆ ಬಿಟ್ಟದ್ದನ್ನು ಜೊತೆಗೆ ಬಂದಿದ್ದ ಸೊಸೆ ಹೇಳಿದಳು: "ನಾಲ್ಕು ದಿವಸದಿಂದ ಮಾವನಿಗೆ ಮುಖ ತೊಳೆಯುವಾಗ ಎಡಗಣ್ಣಿಗೆ ಸೋಪು ಹೋಗ್ತಾ ಇದೆ."

ಆ ಮಾತಿನಲ್ಲಿ ರೋಗದ ಅರ್ಧ ನಿರ್ಣಯ ಇತ್ತು. ಕಣ್ಣನ್ನು ಬಿಗಿಯಾಗಿ ಮುಚ್ಚಿ ಎಂದೆ. ಬಲಗಣ್ಣು ಮುಚ್ಚಿತು, ಎಡಗಣ್ಣಿನ ರೆಪ್ಪೆಗಳ ನಡುವೆ ಬಿಳಿ ಗೆರೆಯೊಂದು ಉಳಿಯಿತು. ಹುಬ್ಬು ಮೇಲೆತ್ತಿ ಎಂದಾಗ ಹಣೆಯ ಬಲಭಾಗದಲ್ಲಿ ಸುಕ್ಕು ಬಿತ್ತು, ಎಡಭಾಗ ನಯವಾಗಿಯೇ ಇತ್ತು. ಮುಖದ ನರ ಎಲ್ಲಿ ಸೋತಿದೆ ಎಂಬುದಕ್ಕೆ ಇದು ಸುಳಿವು. ಮೆದುಳಿನ ಪಾರ್ಶ್ವವಾಯುವಿನಲ್ಲಿ ಬಾಯಿ ವಾರೆಯಾದರೂ ಸಾಮಾನ್ಯವಾಗಿ ಹಣೆ ಸುಕ್ಕುಗಟ್ಟುತ್ತದೆ, ಏಕೆಂದರೆ ಹಣೆಗೆ ಮೆದುಳಿನ ಎರಡೂ ಕಡೆಯಿಂದ ಅಪ್ಪಣೆ ಹೋಗುತ್ತದೆ. ಹಣೆಯೂ ಸುಮ್ಮನಾಗಿದ್ದರೆ ನರ ಬುರುಡೆಯಿಂದ ಹೊರಬರುವ ದಾರಿಯಲ್ಲೇ ಎಲ್ಲೋ ಪೆಟ್ಟು ತಿಂದಿರುತ್ತದೆ. ಮನೆಯಲ್ಲಿ ಇದನ್ನು ನೋಡಿ ನೀವೇ ತೀರ್ಮಾನಕ್ಕೆ ಬರಬೇಡಿ. ಮುಖ ವಾರೆಯಾದರೆ ಯಾವ ಕಾರಣಕ್ಕಾದರೂ ಅಂದೇ ಆಸ್ಪತ್ರೆಗೆ ಹೋಗಬೇಕು.

ಕಿವಿಯ ಸೋಂಕಿಗೂ ಮುಖದ ನರಕ್ಕೂ ಏನು ಸಂಬಂಧ? ಅದು ತಿಳಿಯಲು ಕಿವಿಯ ನಾಳದ ರಚನೆ ಸ್ವಲ್ಪ ಗೊತ್ತಿರಬೇಕು. ಹೊರಗಿನಿಂದ ತಮಟೆಯವರೆಗೆ ಈ ನಾಳ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ. ಹೊರಗಿನ ಮೂರನೇ ಒಂದು ಭಾಗ ಮೆದುಮೂಳೆಯದು, ಒಳಗಿನ ಉಳಿದ ಭಾಗ ಗಟ್ಟಿ ಮೂಳೆಯದು. ಒಳಭಾಗದ ಚರ್ಮ ತುಂಬಾ ತೆಳು, ಅದರ ಅಡಿಯಲ್ಲಿ ಕೊಬ್ಬಿನ ಮೆತ್ತೆ ಇಲ್ಲದೆ ನೇರವಾಗಿ ಮೂಳೆಗೆ ಅಂಟಿಕೊಂಡಿರುತ್ತದೆ. ಹೊರಭಾಗದ ಮೆದುಮೂಳೆಯಲ್ಲಿ ಹುಟ್ಟಿನಿಂದಲೇ ಸಣ್ಣ ಸೀಳುಗಳಿವೆ. ಇಟಲಿಯ ಅಂಗರಚನಾಶಾಸ್ತ್ರಜ್ಞ ಸ್ಯಾಂಟೊರಿನಿಯ ಹೆಸರನ್ನು ಅವಕ್ಕೆ ಇಟ್ಟಿದ್ದಾರೆ. ಆರೋಗ್ಯವಂತರಲ್ಲಿ ಈ ಸೀಳುಗಳಿಂದ ಯಾವ ತೊಂದರೆಯೂ ಇಲ್ಲ. ಚರ್ಮದ ಕಾವಲು ತಪ್ಪಿದವರಲ್ಲಿ, ಹಳೇ ಗೋಡೆಯ ಬಿರುಕಿನಲ್ಲಿ ಮಳೆನೀರು ಇಳಿದ ಹಾಗೆ, ಸೋಂಕು ಈ ಸೀಳುಗಳಿಂದ ಕೆಳಗಿಳಿದು ಬುರುಡೆಯ ತಳದ ಮೂಳೆಯನ್ನು ಹಿಡಿಯುತ್ತದೆ. ಕಿವಿಯ ಕೆಳಗೆ, ಸ್ವಲ್ಪ ಹಿಂದೆ, ಮುಖದ ನರ ಹೊರಬರುವ ರಂಧ್ರವಿದೆ. ಸೋಂಕಿನ ದಾರಿಯಲ್ಲಿ ಮೊದಲು ಸಿಗುವ ನರ ಅದೇ. ಇನ್ನೂ ಒಳಕ್ಕೆ ಹಬ್ಬಿದರೆ ನುಂಗುವ, ಮಾತಾಡುವ, ಭುಜ ಎತ್ತುವ, ನಾಲಿಗೆ ಹೊರಳಿಸುವ ನರಗಳ ಸರದಿ ಬರುತ್ತದೆ. ನೀರು ಕುಡಿದರೆ ಕೆಮ್ಮು ಬರುವುದು, ದನಿ ಕೀರಲಾಗುವುದು ಆ ಹಂತದ ಚಿಹ್ನೆಗಳು.

ಸಕ್ಕರೆ ಕಾಯಿಲೆಯವರನ್ನೇ ಇದು ಯಾಕೆ ಹುಡುಕಿಕೊಂಡು ಬರುತ್ತದೆ? ವರ್ಷಗಟ್ಟಲೆ ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ಸೂಕ್ಷ್ಮ ರಕ್ತನಾಳಗಳು ಕೆಡುತ್ತವೆ, ಚರ್ಮಕ್ಕೂ ಮೂಳೆಗೂ ರಕ್ತ ಕಡಿಮೆ ಹೋಗುತ್ತದೆ. ಬಿಳಿ ರಕ್ತಕಣಗಳು ಇರುತ್ತವೆ, ಆದರೆ ಬ್ಯಾಕ್ಟೀರಿಯಾವನ್ನು ಬೆನ್ನಟ್ಟಿ ನುಂಗುವ ಚುರುಕು ಅವಕ್ಕಿರುವುದಿಲ್ಲ. ಇನ್ನೊಂದು ಕಾರಣ ಗುಗ್ಗೆಯಲ್ಲೇ ಇದೆ. ಗುಗ್ಗೆಯನ್ನು ನಾವು ಕೊಳೆ ಎಂದುಕೊಳ್ಳುತ್ತೇವೆ, ಅದು ಕಿವಿಯ ಕಾವಲಿನ ಲೇಪ. ಅದರ ಹುಳಿಗುಣ ಬ್ಯಾಕ್ಟೀರಿಯಾವನ್ನು ಬೆಳೆಯಗೊಡುವುದಿಲ್ಲ. ಸಕ್ಕರೆ ಕಾಯಿಲೆಯವರ ಗುಗ್ಗೆಯಲ್ಲಿ ಆ ಹುಳಿಗುಣ ಕಡಿಮೆ. ಅದರ ಮೇಲೆ ಪಿಚಕಾರಿಯಿಂದ ನೀರು ಬಿಟ್ಟರೆ ಲೇಪ ತೊಳೆದುಹೋಗುತ್ತದೆ, ತೆಳು ಚರ್ಮ ಗೀರುತ್ತದೆ, ನಾಳ ಒದ್ದೆಯಾಗಿ ಉಳಿಯುತ್ತದೆ. ಕಿವಿಗೆ ನೀರು ಬಿಡಿಸಿಕೊಂಡ ಕೆಲವೇ ದಿನಗಳಲ್ಲಿ ಈ ರೋಗ ಶುರುವಾದ ಪ್ರಕರಣಗಳನ್ನು ವೈದ್ಯರು ಹಲವು ದೇಶಗಳಲ್ಲಿ ದಾಖಲಿಸಿದ್ದಾರೆ. ನೀರು ಬಿಟ್ಟವರೆಲ್ಲರಿಗೂ ಹೀಗಾಗುತ್ತದೆ ಎಂದಲ್ಲ. ಆದರೆ ವಯಸ್ಸಾದ ಮಧುಮೇಹಿಯ ಕಿವಿಗೆ ನೀರು ಬಿಡುವುದನ್ನು ನಾನಂತೂ ಒಪ್ಪುವುದಿಲ್ಲ.

ಒದ್ದೆ ಜಾಗಕ್ಕಾಗಿ ಕಾದಿರುವ ಬ್ಯಾಕ್ಟೀರಿಯಾದ ಹೆಸರು ಸ್ಯೂಡೋಮೊನಾಸ್ ಏರುಜಿನೋಸಾ. ನೀರು, ಮಣ್ಣು, ಸಿಂಕು, ನಲ್ಲಿಯ ಬಾಯಿ, ಹೀಗೆ ತೇವ ಇರುವಲ್ಲೆಲ್ಲ ಇದು ಇರುತ್ತದೆ. ಆರೋಗ್ಯವಾದ, ಒಣಗಿದ ಕಿವಿಯಲ್ಲಿ ಸಾಮಾನ್ಯವಾಗಿ ಬೀಡು ಬಿಡುವುದಿಲ್ಲ. 1882ರಲ್ಲಿ ಫ್ರಾನ್ಸಿನ ಕಾರ್ಲ್ ಗೆಸಾರ್ ಎಂಬ ಔಷಧಿತಜ್ಞ ಗಾಯದ ಬ್ಯಾಂಡೇಜುಗಳು ಯಾಕೆ ನೀಲಿ-ಹಸಿರಾಗುತ್ತವೆ ಎಂದು ಹುಡುಕುತ್ತ ಹೋಗಿ ಇದನ್ನು ಬೇರ್ಪಡಿಸಿದ. ಇಂದಿಗೂ ಕಿವಿಯಿಂದ ತೆಗೆದ ಹತ್ತಿಯ ಮೇಲೆ ಆ ಹಸಿರು ಛಾಯೆ ಕಾಣಿಸುವುದುಂಟು. ಸಾಮಾನ್ಯವಾಗಿ ನಾವು ನೆಗಡಿಗೋ ಗಂಟಲುನೋವಿಗೋ ತೆಗೆದುಕೊಳ್ಳುವ ಅಮಾಕ್ಸಿಸಿಲಿನ್, ಅಜಿಥ್ರೊಮೈಸಿನ್‌ನಂಥ ಮಾತ್ರೆಗಳಿಗೆ ಇದು ಸೊಪ್ಪು ಹಾಕುವುದಿಲ್ಲ. ಇದನ್ನು ಕೊಲ್ಲುವ ಆ್ಯಂಟಿಬಯಾಟಿಕ್‌ಗಳು ಕೆಲವೇ ಇವೆ: ಸಿಪ್ರೊಫ್ಲಾಕ್ಸಾಸಿನ್, ಸೆಫ್ಟಜಿಡಿಮ್, ಸೆಫೆಪೀಮ್, ಪಿಪೆರಾಸಿಲಿನ್-ಟಾಜೋಬ್ಯಾಕ್ಟಮ್, ಮೆರೊಪೆನೆಮ್ ಮತ್ತು ಇನ್ನು ಕೆಲವು. ಇವುಗಳಲ್ಲಿ ಬಾಯಿಯಿಂದ ನುಂಗಿ ಮೂಳೆಯವರೆಗೆ ತಲುಪಿಸಬಹುದಾದದ್ದು ಸಿಪ್ರೊಫ್ಲಾಕ್ಸಾಸಿನ್ ಮತ್ತು ಅದರ ಹತ್ತಿರದ ಬಂಧುಗಳು ಮಾತ್ರ. ಮಿಕ್ಕವೆಲ್ಲ ರಕ್ತನಾಳಕ್ಕೆ ಕೊಡುವ ಇಂಜೆಕ್ಷನ್‌ಗಳು.

ನಮ್ಮ ಬೆಳೆಗಾರರ ಕಿವಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ನಾಳದ ನೆಲದಲ್ಲಿ, ಮೆದುಮೂಳೆ ಮುಗಿದು ಗಟ್ಟಿ ಮೂಳೆ ಶುರುವಾಗುವ ಜಾಗದಲ್ಲಿ, ಕೆಂಪಗೆ ಎದ್ದ ದುರ್ಮಾಂಸದ ಒಂದು ಮೊಳಕೆ ಕಂಡಿತು. ಮುಟ್ಟಿದರೆ ರಕ್ತ ಬರುತ್ತಿತ್ತು. ಈ ರೋಗದ ಅಚ್ಚು ಗುರುತು ಅದು. ತಮಟೆ ಚೆನ್ನಾಗಿಯೇ ಇತ್ತು. ಅವರಿಗೆ ಜ್ವರ ಇರಲಿಲ್ಲ, ಬಿಳಿ ರಕ್ತಕಣಗಳ ಎಣಿಕೆಯೂ ಸಹಜ. ಎಷ್ಟೋ ಕಡೆ ರೋಗಿ ತಪ್ಪಿಹೋಗುವುದು ಇಲ್ಲೇ. ಜ್ವರ ಇಲ್ಲ, ಕೌಂಟ್ ನಾರ್ಮಲ್, ಹಾಗಾದರೆ ದೊಡ್ಡ ಸೋಂಕೇನಿಲ್ಲ ಎಂದು ವಾಪಸ್ ಕಳಿಸುತ್ತಾರೆ. ಈ ರೋಗದಲ್ಲಿ ಬಾಯಿಬಿಡುವ ಪರೀಕ್ಷೆ ಹಳೆಯದು, ಅಗ್ಗದ್ದು, ಚಿಕ್ಕ ಪೇಟೆಯ ಲ್ಯಾಬಿನಲ್ಲೂ ಸಿಗುವಂಥದ್ದು. ಅದು ಇಎಸ್‌ಆರ್, ಅಂದರೆ ಕೊಳವೆಯಲ್ಲಿ ನಿಲ್ಲಿಸಿದ ರಕ್ತದ ಕೆಂಪುಕಣಗಳು ಒಂದು ಗಂಟೆಯಲ್ಲಿ ಎಷ್ಟು ಕೆಳಗಿಳಿಯುತ್ತವೆ ಎಂಬ ಲೆಕ್ಕ. ಅವರ ವಯಸ್ಸಿಗೆ ಮೂವತ್ತರೊಳಗೆ ಇದ್ದರೆ ಚಿಂತೆ ಇಲ್ಲ. ಅವರದು 96 ಇತ್ತು. ಮಾಮೂಲಿ ಹೊರಕಿವಿಯ ಸೋಂಕಿನಲ್ಲಿ ಇಎಸ್‌ಆರ್ ಹೀಗೆ ಏರುವುದಿಲ್ಲ.

ಔಷಧಿಗೆ ಮೊದಲು ಎರಡು ಕೆಲಸ ಆಗಬೇಕಿತ್ತು. ಮೊದಲನೆಯದು, ಆ್ಯಂಟಿಬಯಾಟಿಕ್ ಒಳಗೆ ಹೋಗುವ ಮುಂಚೆ ಕಿವಿಯ ಕೀವನ್ನೂ ದುರ್ಮಾಂಸದ ಚೂರನ್ನೂ ಕಲ್ಚರ್‌ಗೆ ಕಳಿಸುವುದು. ಯಾವ ಬ್ಯಾಕ್ಟೀರಿಯಾ, ಅದು ಯಾವ ಔಷಧಿಗೆ ಸಾಯುತ್ತದೆ ಎಂದು ಗೊತ್ತಿಲ್ಲದೆ ಎರಡು ತಿಂಗಳ ಚಿಕಿತ್ಸೆಯನ್ನು ಕತ್ತಲಲ್ಲಿ ನಡೆಸಲಾಗುವುದಿಲ್ಲ. ಸಿಪ್ರೊಫ್ಲಾಕ್ಸಾಸಿನ್‌ಗೆ ಜಗ್ಗದ ಸ್ಯೂಡೋಮೊನಾಸ್ ಈಗ ಸಾಕಷ್ಟು ಕಾಣುತ್ತಿದೆ. ಆ ಗುಂಪಿನ ಔಷಧಿಗಳನ್ನು ಭೇದಿಗೂ ಉರಿಮೂತ್ರಕ್ಕೂ ಸಿಕ್ಕಸಿಕ್ಕಂತೆ ಬಳಸಿದ್ದರ ಫಲ ಅದು. ಎರಡನೆಯದು, ದುರ್ಮಾಂಸದ ಇನ್ನೊಂದು ಚೂರನ್ನು ಬಯಾಪ್ಸಿಗೆ ಕಳಿಸುವುದು. ಕಿವಿಯ ನಾಳದ ಕ್ಯಾನ್ಸರ್ ಕೂಡ ಹೀಗೇ ನೋವು, ಕೀವು, ದುರ್ಮಾಂಸದೊಂದಿಗೆ ಬರಬಹುದು. ಬರಿಗಣ್ಣಿಗೆ ಎರಡನ್ನೂ ಬೇರೆ ಮಾಡಲು ಬರುವುದಿಲ್ಲ.

ಬಯಾಪ್ಸಿಯಲ್ಲಿ ಕ್ಯಾನ್ಸರ್ ಇಲ್ಲ ಎಂದು ಬಂತು. ಕಲ್ಚರ್‌ನಲ್ಲಿ ಸ್ಯೂಡೋಮೊನಾಸ್ ಬೆಳೆಯಿತು. ಸೆಫ್ಟಜಿಡಿಮ್‌ಗೂ ಸಿಪ್ರೊಫ್ಲಾಕ್ಸಾಸಿನ್‌ಗೂ ಅದು ಬಗ್ಗುವಂಥದ್ದಾಗಿತ್ತು. ಸಿಟಿ ಸ್ಕ್ಯಾನ್‌ನಲ್ಲಿ ನಾಳದ ಮೂಳೆ ಒಂದು ಕಡೆ ಸವೆದದ್ದು ಕಂಡಿತು. ಮೂಳೆಯ ಖನಿಜಾಂಶದಲ್ಲಿ ಮೂರನೇ ಒಂದು ಭಾಗದಷ್ಟು ಕರಗಿದ ಮೇಲಷ್ಟೇ ಸಿಟಿಯಲ್ಲಿ ಸವೆತ ಕಾಣುತ್ತದೆ. ಹಾಗಾಗಿ ರೋಗದ ಮೊದಲ ದಿನಗಳಲ್ಲಿ 'ಸಿಟಿ ನಾರ್ಮಲ್' ಎಂಬ ವರದಿ ಬಂದರೆ ನೆಮ್ಮದಿಯಿಂದ ಕೂರುವಂತಿಲ್ಲ. ಮೃದು ಮಾಂಸದಲ್ಲಿ ಸೋಂಕು ಎಲ್ಲಿಯವರೆಗೆ ಹಬ್ಬಿದೆ ಎಂಬುದನ್ನು ಎಂಆರ್‌ಐ ಚೆನ್ನಾಗಿ ತೋರಿಸುತ್ತದೆ. ಅವರದು ಮುಖದ ನರದ ರಂಧ್ರದ ಸುತ್ತ ನಿಂತಿತ್ತು, ಅದರಾಚೆಗೆ ದಾಟಿರಲಿಲ್ಲ.

ಕಲ್ಚರ್‌ನಲ್ಲಿ ಏನೂ ಬೆಳೆಯದ ರೋಗಿಗಳೂ ಸಿಗುತ್ತಾರೆ. ವಾರಗಟ್ಟಲೆ ಡ್ರಾಪ್ಸ್ ಬಿಟ್ಟುಕೊಂಡು ಬಂದವರಲ್ಲಿ ಇದು ಹೆಚ್ಚು. ಇನ್ನು ಕೆಲವರಲ್ಲಿ ಮೂಳೆಗೆ ಇಳಿದದ್ದು ಬ್ಯಾಕ್ಟೀರಿಯಾ ಅಲ್ಲ, ಆಸ್ಪರ್ಜಿಲಸ್‌ನಂಥ ಶಿಲೀಂಧ್ರ. ಅವರಿಗೆ ಎಷ್ಟು ಆ್ಯಂಟಿಬಯಾಟಿಕ್ ಕೊಟ್ಟರೂ ವ್ಯರ್ಥ, ವೊರಿಕೊನಜೋಲ್‌ನಂಥ ಶಿಲೀಂಧ್ರನಾಶಕ ಬೇಕು. ಎರಡು-ಮೂರು ವಾರ ಸರಿಯಾದ ಔಷಧಿ ಹೋಗಿಯೂ ನೋವು ಇಳಿಯದಿದ್ದರೆ ಆಳದಿಂದ ಇನ್ನೊಂದು ಚೂರು ತೆಗೆದು ಈ ದಿಕ್ಕಿನಲ್ಲಿ ಹುಡುಕಬೇಕಾಗುತ್ತದೆ.

ಅವರಿಗೆ ಸೆಫ್ಟಜಿಡಿಮ್ 2 ಗ್ರಾಂ, ಎಂಟು ಗಂಟೆಗೊಮ್ಮೆ ರಕ್ತನಾಳದಲ್ಲಿ ಶುರು ಮಾಡಿದೆವು. ಕಿಡ್ನಿ ಸೋತಿದ್ದರೆ ಈ ಪ್ರಮಾಣ ಇಳಿಸಬೇಕು. ಅವರ ಕ್ರಿಯಾಟಿನಿನ್ 1.2 ಇತ್ತು, ವಯಸ್ಸು-ತೂಕ ಹಾಕಿ ಲೆಕ್ಕ ಮಾಡಿದಾಗ ಪೂರ್ಣ ಪ್ರಮಾಣಕ್ಕೆ ಅಡ್ಡಿಯಿರಲಿಲ್ಲ. ಸ್ಯೂಡೋಮೊನಾಸ್‌ಗೆ ಜೆಂಟಾಮೈಸಿನ್, ಅಮಿಕಾಸಿನ್ ಕೂಡ ನಡೆಯುತ್ತವೆ. ಆದರೆ ಅವು ಕಿಡ್ನಿಗೂ ಒಳಗಿವಿಗೂ ಪೆಟ್ಟು ಕೊಡುವಂಥವು. ವಾರಗಟ್ಟಲೆ ಕೊಡಬೇಕಾದ ಕಡೆ, ಅದೂ ಮಧುಮೇಹಿಗೆ, ಅವುಗಳಿಂದ ದೂರ ಇರುವುದೇ ಮೇಲು. ಸಕ್ಕರೆಯನ್ನು ಇನ್ಸುಲಿನ್‌ನಿಂದ ಹತೋಟಿಗೆ ತಂದೆವು. ಎರಡು ದಿನಕ್ಕೊಮ್ಮೆ ಕಿವಿಯನ್ನು ಸೂಕ್ಷ್ಮದರ್ಶಕದಡಿ ಸಕ್ಷನ್ ಹಾಕಿ ಒಣಗಿಸುತ್ತಿದ್ದೆವು. ಎಡಗಣ್ಣು ಒಣಗದಂತೆ ಹಗಲು ಡ್ರಾಪ್ಸ್, ರಾತ್ರಿ ಮುಲಾಮು ಹಾಕಿ ರೆಪ್ಪೆಗೆ ಟೇಪ್. ಒಂದು ವಾರ ನಮ್ಮಲ್ಲಿದ್ದು, ಆಮೇಲೆ ಎರಡು ವಾರ ಅವರೂರಿನ ಹತ್ತಿರದ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಮುಂದುವರಿಸಿದರು.

ದೊಡ್ಡ ಆಪರೇಷನ್ ಮಾಡಿ ಕೊಳೆತ ಮೂಳೆಯನ್ನೇ ತೆಗೆದುಬಿಡಬಾರದೇ ಎಂದು ಮಗ ಕೇಳಿದ. ಒಂದು ಕಾಲದಲ್ಲಿ ಹಾಗೇ ಮಾಡುತ್ತಿದ್ದರು. ಅಮೆರಿಕದ ವೈದ್ಯ ಚಾಂಡ್ಲರ್ 1968ರಲ್ಲಿ ಇಂಥ 13 ರೋಗಿಗಳ ವಿವರ ಪ್ರಕಟಿಸಿ ಈ ರೋಗಕ್ಕೆ ಇಂದಿನ ಹೆಸರು ಕೊಟ್ಟರು. ಆ 13 ಜನರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಉಳಿಯಲಿಲ್ಲ. ಬುರುಡೆಯ ತಳದಲ್ಲಿ ಸೋಂಕು ಮೂಳೆಯಿಂದ ಮೂಳೆಗೆ ಹರಡಿರುತ್ತದೆ, ಕತ್ತರಿಸಿ ತೆಗೆಯಲು ಗಡಿ ಇರುವುದಿಲ್ಲ, ಸುತ್ತ ನರಗಳೂ ದೊಡ್ಡ ರಕ್ತನಾಳಗಳೂ ಇವೆ. 1980ರ ದಶಕದ ಕೊನೆಯಲ್ಲಿ ಸಿಪ್ರೊಫ್ಲಾಕ್ಸಾಸಿನ್ ಬಂದ ಮೇಲೆ ಪರಿಸ್ಥಿತಿ ಬದಲಾಯಿತು. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿಸಿಕೊಂಡು ಮಲಗಬೇಕಾಗಿದ್ದ ರೋಗಿ ಮನೆಯಲ್ಲೇ ಮಾತ್ರೆ ನುಂಗುವಂತಾಯಿತು. ಈಗ ಆಪರೇಷನ್ ಬೇಕಾಗುವುದು ಬಯಾಪ್ಸಿಗೆ, ಸತ್ತ ಮೂಳೆಯ ಸಡಿಲ ಚೂರು ತೆಗೆಯುವುದಕ್ಕೆ, ಕೀವಿನ ಗಡ್ಡೆ ಕಟ್ಟಿದ್ದರೆ ಬಸಿಯುವುದಕ್ಕೆ, ಅಷ್ಟೇ.

ಮೂರು ವಾರದ ಕೊನೆಗೆ ನೋವು ಪೂರ್ತಿ ಹೋಗಿತ್ತು. ಇಎಸ್‌ಆರ್ 96ರಿಂದ 58ಕ್ಕೆ ಇಳಿದಿತ್ತು. ಇಂಜೆಕ್ಷನ್ ನಿಲ್ಲಿಸಿ ಸಿಪ್ರೊಫ್ಲಾಕ್ಸಾಸಿನ್ 750 ಮಿಲಿಗ್ರಾಂ ಮಾತ್ರೆ ಬೆಳಗ್ಗೆ ಒಂದು, ರಾತ್ರಿ ಒಂದು, ಎಂದು ಬರೆದುಕೊಟ್ಟೆವು. "ಇನ್ನೂ ಎಷ್ಟು ದಿನ?" ಎಂದರು. ಕಡಿಮೆಯೆಂದರೂ ಆರು ವಾರ ಎಂದೆ. "ನೋವೇ ಇಲ್ವಲ್ಲ" ಎಂದರು.

ನೋವು ಇಲ್ಲದಿರುವುದು ಊತ ಇಳಿದದ್ದರ ಗುರುತು, ಮೂಳೆ ಶುದ್ಧವಾದದ್ದರ ಗುರುತಲ್ಲ. ಮೂಳೆಯಲ್ಲಿ ಸೋಂಕು ಹೊಕ್ಕಾಗ ಅಲ್ಲಿನ ಸಣ್ಣ ರಕ್ತನಾಳಗಳು ಮುಚ್ಚಿಹೋಗುತ್ತವೆ. ಔಷಧಿ ರಕ್ತದಲ್ಲಿ ಹರಿಯುತ್ತಿದ್ದರೂ ಸತ್ತ ಮೂಳೆಯ ಒಳಗೆ ಹೋಗಲು ದಾರಿ ಇರುವುದಿಲ್ಲ. ಬ್ಯಾಕ್ಟೀರಿಯಾ ಅಲ್ಲಿ ತನ್ನ ಸುತ್ತ ಲೋಳೆಯ ಪದರ ಕಟ್ಟಿಕೊಂಡು ನಿಧಾನವಾಗಿ, ಹೆಚ್ಚುಕಡಿಮೆ ನಿದ್ದೆಯಲ್ಲಿದ್ದಂತೆ ಬದುಕುತ್ತದೆ. ಆ್ಯಂಟಿಬಯಾಟಿಕ್ ಹೆಚ್ಚಾಗಿ ಬೆಳೆಯುತ್ತಿರುವ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಮಲಗಿರುವುದನ್ನು ಅಷ್ಟು ಸುಲಭವಾಗಿ ಕೊಲ್ಲಲಾರದು. ದೇಹ ಸತ್ತ ಮೂಳೆಯನ್ನು ಸ್ವಲ್ಪಸ್ವಲ್ಪವಾಗಿ ಕರಗಿಸಿ, ಹೊಸ ರಕ್ತನಾಳಗಳಿರುವ ಅಂಗಾಂಶವನ್ನು ಅಲ್ಲಿ ಕಟ್ಟಬೇಕು. ಅದಕ್ಕೆ ಆರು ವಾರಗಳ ಆಸುಪಾಸು ಬೇಕು. ಅಲ್ಲಿಯವರೆಗೆ ರಕ್ತದಲ್ಲಿ ಔಷಧಿಯ ಮಟ್ಟ ತಗ್ಗದಂತೆ ಕಾಯಬೇಕು. ಚಿಕಿತ್ಸೆಗೆ ಆರರಿಂದ ಎಂಟು ವಾರ, ನರ ಸೋತಿದ್ದವರಿಗೆ ಅದಕ್ಕೂ ಹೆಚ್ಚು ಎಂದು ಹೇಳುವುದು ಈ ಕಾರಣಕ್ಕೆ. ಮಧ್ಯದಲ್ಲಿ ಬಿಟ್ಟರೆ ರೋಗ ಮರುಕಳಿಸುತ್ತದೆ. ಮರುಕಳಿಸಿದ ಬ್ಯಾಕ್ಟೀರಿಯಾ ಔಷಧಿಯ ರುಚಿ ಕಂಡಿರುವಂಥದ್ದು, ಎರಡನೇ ಸಲ ಅದೇ ಮಾತ್ರೆಗೆ ಬಗ್ಗದಿರಬಹುದು.

ಅವರು ಮಾತ್ರೆ ಬಿಟ್ಟಿರಲಿಲ್ಲ, ಒಂದು ಹೊತ್ತೂ ತಪ್ಪಿಸಿರಲಿಲ್ಲ. ಆದರೂ ಐದನೇ ವಾರದ ತಪಾಸಣೆಯಲ್ಲಿ ಇಎಸ್‌ಆರ್ 74ಕ್ಕೆ ಏರಿತ್ತು. ರಾತ್ರಿ ನೋವು ಸಣ್ಣಗೆ ಮತ್ತೆ ಶುರುವಾಗಿತ್ತು. ನಾಳದ ನೆಲದಲ್ಲಿ ಅಕ್ಕಿಕಾಳಿನಷ್ಟು ದುರ್ಮಾಂಸ ಕಾಣಿಸಿತು. ಮತ್ತೆ ಕಲ್ಚರ್ ಕಳಿಸಿದೆವು. ಅದೇ ಬ್ಯಾಕ್ಟೀರಿಯಾ, ಸಿಪ್ರೊಫ್ಲಾಕ್ಸಾಸಿನ್‌ಗೆ ಈಗಲೂ ಸಾಯುವಂಥದ್ದೇ. ಔಷಧಿ ಸರಿ ಇದೆ, ರೋಗಿ ನುಂಗುತ್ತಿದ್ದಾರೆ, ಆದರೆ ಅದು ಕೆಲಸ ಮಾಡುತ್ತಿಲ್ಲ. ಹಾಗಾದರೆ ಮೂಳೆಯವರೆಗೆ ತಲುಪುತ್ತಿಲ್ಲ ಎಂದೇ ಅರ್ಥ.

ಸೊಸೆಯನ್ನು ಕೂರಿಸಿಕೊಂಡು ಬೆಳಗಿನಿಂದ ರಾತ್ರಿಯವರೆಗೆ ಏನೇನು, ಯಾವಾಗ ಕೊಡುತ್ತೀರಿ ಎಂದು ಕೇಳಿದೆ. ಅವಳು ಚೀಲದಿಂದ ಮಾತ್ರೆಯ ಡಬ್ಬಿ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಬೆಳಗ್ಗೆ ಒಂದು ಲೋಟ ಹಾಲಿನ ಜೊತೆ ಸಿಪ್ರೊಫ್ಲಾಕ್ಸಾಸಿನ್, ಅದರ ಹಿಂದೆಯೇ ಮಂಡಿನೋವಿಗೆ ಬರೆದಿದ್ದ ಕ್ಯಾಲ್ಸಿಯಂ ಮಾತ್ರೆ. ದೊಡ್ಡ ಮಾತ್ರೆಯಿಂದ ಹೊಟ್ಟೆ ಉರಿಯುತ್ತದೆಂದು ಎರಡು ಚಮಚ ಗುಲಾಬಿ ಬಣ್ಣದ ಗ್ಯಾಸ್ ಸಿರಪ್. ರಾತ್ರಿಯೂ ಅದೇ ಕ್ರಮ, ಕ್ಯಾಲ್ಸಿಯಂ ಬದಲು ಕಬ್ಬಿಣಾಂಶದ ಮಾತ್ರೆ. ಎಲ್ಲವನ್ನೂ ಒಟ್ಟಿಗೆ ಕೊಟ್ಟರೆ ಮರೆಯುವುದಿಲ್ಲ ಎಂದು ಅವಳು ಶ್ರದ್ಧೆಯಿಂದ ಮಾಡಿಕೊಂಡ ವ್ಯವಸ್ಥೆ ಅದು. ಅದರಲ್ಲಿ ಅವಳ ತಪ್ಪು ಏನೂ ಇಲ್ಲ. ನಾಲ್ಕು ಕಡೆಯ ವೈದ್ಯರು ನಾಲ್ಕು ಚೀಟಿಯಲ್ಲಿ ಬರೆದದ್ದನ್ನು ಒಟ್ಟಿಗೆ ಇಟ್ಟು ನೋಡಿ ಹೇಳುವವರು ಅವಳಿಗೆ ಯಾರೂ ಸಿಕ್ಕಿರಲಿಲ್ಲ.

ಸಿಪ್ರೊಫ್ಲಾಕ್ಸಾಸಿನ್ ಹೊಟ್ಟೆಯಲ್ಲಿ ಕ್ಯಾಲ್ಸಿಯಂ, ಕಬ್ಬಿಣ, ಸತು ಇವುಗಳ ಜೊತೆಗೂ, ಗ್ಯಾಸ್ ಸಿರಪ್ಪಿನಲ್ಲಿರುವ ಮೆಗ್ನೀಸಿಯಂ, ಅಲ್ಯೂಮಿನಿಯಂ ಜೊತೆಗೂ ಗಂಟುಬೀಳುತ್ತದೆ. ಗಂಟುಬಿದ್ದದ್ದು ಕರುಳಿನಿಂದ ರಕ್ತಕ್ಕೆ ಸೇರದೆ ಮಲದಲ್ಲಿ ಹೊರಟುಹೋಗುತ್ತದೆ. ಮೂರು ದಿನದ ಭೇದಿಗೆ ಈ ಮಾತ್ರೆ ತೆಗೆದುಕೊಂಡವರಿಗೆ ಇದರಿಂದ ಅಷ್ಟೇನೂ ನಷ್ಟವಾಗದಿರಬಹುದು. ಮೂಳೆಯ ಸೋಂಕಿನಲ್ಲಿ ಚಿಕಿತ್ಸೆಯೇ ಮಣ್ಣುಪಾಲಾಗುತ್ತದೆ. ನಿಯಮ ಸರಳ: ಇವುಗಳಿಗಿಂತ ಎರಡು ಗಂಟೆ ಮೊದಲು, ಇಲ್ಲವೇ ಆರು ಗಂಟೆ ಆದಮೇಲೆ ಸಿಪ್ರೊಫ್ಲಾಕ್ಸಾಸಿನ್ ನುಂಗಬೇಕು, ಹಾಲಿನಲ್ಲಲ್ಲ, ನೀರಿನಲ್ಲಿ. ಎರಡು ತಿಂಗಳ ಮಟ್ಟಿಗೆ ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆ ನಿಲ್ಲಿಸಿದೆವು. ಗ್ಯಾಸ್ ಸಿರಪ್ಪಿನ ಬದಲು ಆಮ್ಲ ಉತ್ಪತ್ತಿಯನ್ನೇ ತಗ್ಗಿಸುವ, ಇದರ ಜೊತೆ ಗಂಟುಬೀಳದ ಮಾತ್ರೆ ಕೊಟ್ಟೆವು. ಕಳೆದುಹೋದ ವಾರಗಳನ್ನು ತುಂಬಲು ಮತ್ತೆ ಹತ್ತು ದಿನ ಇಂಜೆಕ್ಷನ್ ಹಾಕಿ, ಆರು ವಾರದ ಎಣಿಕೆಯನ್ನು ಹೊಸದಾಗಿ ಶುರು ಮಾಡಿದೆವು.

ಆಮೇಲೆ ಔಷಧಿ ಸರಿಯಾಗಿ ರಕ್ತಕ್ಕೆ ಸೇರತೊಡಗಿತು. ಅದರ ಬೆನ್ನಿಗೇ ಇನ್ನೊಂದು ತೊಂದರೆ ಬಂತು. ಅಷ್ಟರಲ್ಲಿ ಇನ್ಸುಲಿನ್ ಕಡಿಮೆ ಮಾಡಿ ಅವರ ಹಳೆಯ ಗ್ಲಿಮೆಪಿರೈಡ್ ಮಾತ್ರೆಗೆ ಮರಳಿದ್ದರು. ಒಂದು ಬೆಳಗಿನ ಜಾವ ಮೈಯೆಲ್ಲ ಬೆವರಿ, ಕೈ ನಡುಗಿ, ಅಸಂಬದ್ಧ ಮಾತಾಡತೊಡಗಿದರು. ಮನೆಯ ಗ್ಲುಕೋಮೀಟರ್ 54 ತೋರಿಸಿತು. ಸಿಪ್ರೊಫ್ಲಾಕ್ಸಾಸಿನ್ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಜಾತಿಯ ಮಾತ್ರೆಗಳ ಜೊತೆ ಸೇರಿದಾಗ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು, ವಯಸ್ಸಾದವರಲ್ಲಿ ವಿಶೇಷವಾಗಿ. ಸಕ್ಕರೆ ನೀರು ಕುಡಿಸಿದ್ದರಿಂದ ಚೇತರಿಸಿಕೊಂಡರು. ಗ್ಲಿಮೆಪಿರೈಡ್ ಬಿಡಿಸಿ, ಚಿಕಿತ್ಸೆ ಮುಗಿಯುವವರೆಗೆ ಇನ್ಸುಲಿನ್‌ನಲ್ಲೇ ಇಟ್ಟೆವು. ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಇದ್ದಕ್ಕಿದ್ದಂತೆ ನೋಯಲು ಅಥವಾ ಊದಲು ಶುರುವಾದರೆ ಮಾತ್ರೆ ನಿಲ್ಲಿಸಿ ತಕ್ಷಣ ಫೋನ್ ಮಾಡಿ ಎಂದೂ ಹೇಳಿದ್ದೆವು. ಈ ಗುಂಪಿನ ಔಷಧಿ ಆ ರಜ್ಜನ್ನು ಹರಿಯುವಷ್ಟು ದುರ್ಬಲ ಮಾಡುವುದುಂಟು. ಅರವತ್ತು ದಾಟಿದವರಲ್ಲಿ, ಜೊತೆಗೆ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರಲ್ಲಿ ಅದರ ಭಯ ಹೆಚ್ಚು. ಅವರಿಗೆ ಅಂಥದ್ದೇನೂ ಆಗಲಿಲ್ಲ.

ಔಷಧಿಯನ್ನು ಯಾವಾಗ ನಿಲ್ಲಿಸಬೇಕು ಎಂಬುದನ್ನು ತೀರ್ಮಾನಿಸುವುದು ಶುರು ಮಾಡುವುದಕ್ಕಿಂತ ಕಷ್ಟ. ಸಿಟಿಯಲ್ಲಿ ಸವೆದ ಮೂಳೆ ಸೋಂಕು ಸತ್ತ ಮೇಲೂ ತಿಂಗಳುಗಟ್ಟಲೆ ಹಾಗೇ ಕಾಣುತ್ತದೆ, ಅದನ್ನು ನೋಡಿ ರೋಗ ಇದೆಯೋ ಇಲ್ಲವೋ ಹೇಳಲು ಬರುವುದಿಲ್ಲ. ಟೆಕ್ನೀಶಿಯಂ ಮೂಳೆ ಸ್ಕ್ಯಾನ್ ಕೂಡ ಅಷ್ಟೇ, ಮೂಳೆ ಮತ್ತೆ ಕಟ್ಟಿಕೊಳ್ಳುವಾಗಲೂ ಹೊಳೆಯುತ್ತದೆ. ಗ್ಯಾಲಿಯಂ ಸ್ಕ್ಯಾನ್, ಪೆಟ್ ಸ್ಕ್ಯಾನ್ ಕೆಲವು ದೊಡ್ಡ ಊರುಗಳಲ್ಲಿ ಸಹಾಯಕ್ಕೆ ಬರುತ್ತವೆ, ಎಲ್ಲರಿಗೂ ಕೈಗೆಟಕುವಂಥವಲ್ಲ. ನಾವು ನಂಬುವುದು ಮೂರನ್ನು: ರಾತ್ರಿಯ ನೋವು ಪೂರ್ತಿ ಹೋಗಿರಬೇಕು, ನಾಳದ ಚರ್ಮ ಒಣಗಿ ಕೂಡಿಕೊಂಡಿರಬೇಕು, ಇಎಸ್‌ಆರ್ ಸಹಜ ಮಟ್ಟಕ್ಕೆ ಬಂದು ಅಲ್ಲೇ ನಿಂತಿರಬೇಕು. ಅವರ ಇಎಸ್‌ಆರ್ 49 ಆಯಿತು, ನಂತರ 31, ಕೊನೆಗೆ 22. ಮೊದಲ ಇಂಜೆಕ್ಷನ್‌ನಿಂದ ಲೆಕ್ಕ ಹಾಕಿದರೆ ಸುಮಾರು ಮೂರು ತಿಂಗಳ ಚಿಕಿತ್ಸೆ. ಮುಗಿದ ಮೇಲೂ ಒಂದು ವರ್ಷ ತಪಾಸಣೆಗೆ ಬಂದರು, ಏಕೆಂದರೆ ಮರುಕಳಿಸುವುದಿದ್ದರೆ ತಿಂಗಳುಗಳ ನಂತರವೂ ಮರುಕಳಿಸಬಹುದು. ಮತ್ತೆ ಬರಲಿಲ್ಲ. ಕಣ್ಣು ಈಗ ಮುಚ್ಚುತ್ತದೆ. ನಕ್ಕಾಗ ಬಾಯಿಯ ಎಡಭಾಗ ಸ್ವಲ್ಪ ಹಿಂದೆ ಉಳಿಯುತ್ತದೆ, ಅದು ಹಾಗೇ ಉಳಿಯಬಹುದು. ಒಮ್ಮೆ ಸೋತ ಮುಖದ ನರ ಈ ರೋಗದಲ್ಲಿ ಪೂರ್ತಿ ಮರಳುವುದು ಕಡಿಮೆ.

ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರಿದ್ದು, ಕಿವಿನೋವಿಗೆ ಒಂದು ವಾರ ಡ್ರಾಪ್ಸ್ ಬಿಟ್ಟರೂ ರಾತ್ರಿ ನಿದ್ದೆಗೆಡುತ್ತಿದ್ದರೆ, ಡ್ರಾಪ್ಸ್ ಬದಲಿಸುತ್ತ ಕೂರದೆ ಕಿವಿ-ಮೂಗು-ಗಂಟಲು ತಜ್ಞರ ಬಳಿ ಕರೆದುಕೊಂಡು ಹೋಗಿ. ಹೋಗುವಾಗ ಅವರು ನುಂಗುತ್ತಿರುವ ಎಲ್ಲಾ ಮಾತ್ರೆಗಳ ಡಬ್ಬಿಯನ್ನೂ ಒಯ್ಯಿರಿ. ಇನ್ನು ಗುಗ್ಗೆ ತೆಗೆಸಬೇಕಾಗಿ ಬಂದರೆ, ಕುರ್ಚಿಯಲ್ಲಿ ಕೂರುವ ಮೊದಲೇ ಸಕ್ಕರೆ ಕಾಯಿಲೆ ಇದೆ ಎಂದು ಹೇಳಿ, ನೀರು ಬಿಡಬೇಡಿ, ಸಕ್ಷನ್‌ನಿಂದಲೋ ಸಲಕರಣೆಯಿಂದಲೋ ನೋಡಿಕೊಂಡು ತೆಗೆಯಿರಿ ಎಂದು ಕೇಳಿ.